ರೂಲು, ಕ್ಲಬ್ಬು, ಕಂಪ್ನಿ: ಪೇಟೆಯ ಬೆರಕೆ ಮಾತನ್ನು ಬರೆದ ಬಗೆ

ಗಡಿನಾಡಿನ ಕನ್ನಡವನ್ನು ಕುರಿತ ಗೋಷ್ಠಿಯಲ್ಲಿ ಬೆಂಗಳೂರು, ಮೈಸೂರುಗಳ ಇಂಗ್ಲಿಷ್ ಬೆರೆತ ಮಾತಿಗೆ ಏನು ಕೆಲಸ ಎಂದು ಕೆಲವರು ಕೇಳಬಹುದು. ನಮ್ಮಲ್ಲಿ ಬೆರಕೆ ಎಂದರೆ ಕಾಸರಗೋಡಿನಲ್ಲಿ ಮಲಯಾಳ, ಹೊಸೂರು ತಾಳವಾಡಿಗಳಲ್ಲಿ ತಮಿಳು, ಸೊಲ್ಲಾಪುರ ಅಕ್ಕಲಕೋಟೆಗಳಲ್ಲಿ ಮರಾಠಿ, ಆದೋನಿ ಮಡಕಶಿರಾಗಳಲ್ಲಿ ತೆಲುಗು. ಇಂಗ್ಲಿಷಿನ ಬೆರಕೆ ಪೇಟೆಯವರ ಸೊಗಸು, ಅದನ್ನು ಅವರೇ ನೋಡಿಕೊಳ್ಳಲಿ ಎಂಬ ಉದಾಸೀನ ನಮ್ಮಲ್ಲಿ ಇಲ್ಲದಿಲ್ಲ. ಆದರೆ ಕನ್ನಡ ನಾಟಕದಲ್ಲಿ ಪೇಟೆಯ ಬೆರಕೆ ಮಾತನ್ನು ಕಿವಿಗೊಟ್ಟು ಕೇಳಿ ಬರೆದವರಲ್ಲಿ ಮೊದಲು ನೆನಪಾಗುವ ಟಿ.ಪಿ. ಕೈಲಾಸಂ (1884–1946) ಅವರ ಮನೆಮಾತು ತಮಿಳು. ಅವರು ಓದಿದ್ದು ಮದರಾಸಿನಲ್ಲಿ, ಆಮೇಲೆ ಲಂಡನ್ನಿನಲ್ಲಿ. 1945ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಅವರು ಕೂತದ್ದೂ ಮದರಾಸಿನಲ್ಲೇ. ಮನೆಯೊಳಗೆ ಒಂದು, ಹೊಸಿಲಾಚೆ ಇನ್ನೊಂದು ಮಾತನಾಡುವವನ ಕಿವಿ ಹೇಗಿರುತ್ತದೆಂದು ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಹಾಗಾಗಿ ಈ ವಿಷಯ ನಮ್ಮದೂ ಹೌದು ಎಂದುಕೊಂಡೇ ಹೊರಡುತ್ತೇನೆ.

ಕೈಲಾಸಂ ಅವರಿಗಿಂತ ಮೊದಲೇ ಆಡುಮಾತು ನಾಟಕಕ್ಕೆ ಬಂದಿತ್ತು. ಕರ್ಕಿ ವೆಂಕಟರಮಣ ಶಾಸ್ತ್ರಿ ಸೂರಿಯವರ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ 1887ರದು. ಅದರ ಹವ್ಯಕ ಕನ್ನಡವನ್ನು ಇವತ್ತಿಗೂ ನಮ್ಮ ಕುಂಬಳೆ ಸೀಮೆಯ ಹವ್ಯಕರು ಓದಿದರೆ, ಒಂದಿಷ್ಟು ವ್ಯತ್ಯಾಸ ಕಂಡರೂ, ಮನೆಯ ಮಾತೆಂದೇ ಗುರುತಿಸುತ್ತಾರೆ. ಆದರೆ ಅದು ಒಂದು ಸೀಮೆಯ, ಒಂದು ಸಮುದಾಯದ ಮಾತು. 1918ರ ‘ಟೊಳ್ಳುಗಟ್ಟಿ’ಯಿಂದ ಮುಂದಕ್ಕೆ ಕೈಲಾಸಂ ಬರೆದದ್ದು ಬೇರೆ ಥರದ್ದು. ಸ್ಕೂಲು, ಕೋರ್ಟು, ಕಚೇರಿಗಳಿಂದ ಸಂಜೆ ಮನೆಗೆ ಬರುವ ಗಂಡಸರು ದಾರಿಯುದ್ದಕ್ಕೂ ಹೊತ್ತು ತಂದ ಇಂಗ್ಲಿಷನ್ನು ನಡುಮನೆಯಲ್ಲಿ ಇಳಿಸಿದಾಗ ಏನಾಗುತ್ತದೋ ಅದು.

ಸಂಭಾಷಣೆಗಳನ್ನು ಎತ್ತಿ ತೋರಿಸುವ ಅಗತ್ಯವೇ ಇಲ್ಲ. ನಾಟಕಗಳ ಹೆಸರುಗಳೇ ಸಾಕು. ‘ಹೋಂ ರೂಲು’, ‘ನಮ್ ಕ್ಲಬ್ಬು’, ‘ನಮ್ ಕಂಪ್ನಿ’. ಈ ಮೂರು ಇಂಗ್ಲಿಷ್ ಪದಗಳ ಬಾಲವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ರೂಲ್ ಎಂಬುದು ರೂಲು ಆಗಿದೆ. ಕ್ಲಬ್ ಎಂಬುದು ಕ್ಲಬು ಆಗಿಲ್ಲ, ಕ್ಲಬ್ಬು ಆಗಿದೆ. ಕಂಪನಿ ನಡುವಿನ ಒಂದು ಸ್ವರ ಕಳಕೊಂಡು ಕಂಪ್ನಿಯಾಗಿದೆ. ನಗಿಸುವುದಕ್ಕೆ ಮಾಡಿದ ಅಂಕುಡೊಂಕು ಕಾಗುಣಿತ ಇದು ಎಂದು ಬಹಳ ಮಂದಿ ತಿಳಿದಿದ್ದಾರೆ. ನನ್ನ ಮಟ್ಟಿಗೆ ಇದು ನಗೆಯಲ್ಲ, ಭಾಷಾ ಚರಿತ್ರೆ.

ಹಳಗನ್ನಡದಲ್ಲಿ ವ್ಯಂಜನದಲ್ಲಿ ಮುಗಿಯುತ್ತಿದ್ದ ಪದಗಳು ನಡುಗನ್ನಡದ ಹೊತ್ತಿಗೆ ಉಕಾರ ಹಚ್ಚಿಕೊಂಡವು. ಪಾಲ್ ಎಂಬುದು ಹಾಲು ಆಯಿತು, ಕಾಲ್ ಎಂಬುದು ಕಾಲು, ಮೀನ್ ಎಂಬುದು ಮೀನು. ಹಿಂದಿನ ಸ್ವರ ಹ್ರಸ್ವವಾಗಿದ್ದ ಒಂಟಿ ಅಕ್ಷರದ ಪದಗಳಲ್ಲಿ ಮಾತ್ರ ವ್ಯಂಜನ ಇಮ್ಮಡಿಸಿತು: ಕಣ್ ಕಣ್ಣಾಯಿತು, ಕಲ್ ಕಲ್ಲಾಯಿತು, ಮುಳ್ ಮುಳ್ಳಾಯಿತು. ಈಗ ಕೈಲಾಸಂ ಅವರ ಪದಗಳನ್ನು ಪಕ್ಕಕ್ಕಿಡಿ. ರೂಲು ಹೋಗುವುದು ಹಾಲಿನ ದಾರಿ, ಕ್ಲಬ್ಬು ಹೋಗುವುದು ಕಲ್ಲಿನ ದಾರಿ. ಶತಮಾನಗಳ ಹಿಂದೆ ನಮ್ಮವೇ ಪದಗಳಿಗೆ ಅನ್ವಯಿಸಿದ ನಿಯಮ 1918ರ ಸುಮಾರಿಗೆ ಇಂಗ್ಲಿಷಿನಿಂದ ಬಂದ ಪದಕ್ಕೂ ಸಲೀಸಾಗಿ ಅನ್ವಯಿಸಿದೆ. ರೋಡು, ಕಾರು, ಆ ಕಡೆ ಬಸ್ಸು, ಕಪ್ಪು. ಮೂರನೆಯದಾದ ಕಂಪ್ನಿಯ ಕತೆಯೂ ಇಂಥದೇ. ಕತ್ತರಿ ಕತ್ರಿಯಾಗುವ, ಬಂಡವಾಳ ಬಂಡ್ವಾಳವಾಗುವ, ಅಹೋಬಲ ಎಂಬ ದೇವರ ಹೆಸರು ಅಹೋಬ್ಲು ಆಗುವ ಮೈಸೂರು ಸೀಮೆಯ ಅಭ್ಯಾಸವೇ ಕಂಪನಿಯನ್ನೂ ಹಿಡಿದಿದೆ. ‘ಗಂಡಸ್ಕತ್ರಿ’, ‘ಬಂಡ್ವಾಳ್ವಿಲ್ಲದ ಬಡಾಯಿ’, ‘ನಮ್ ಕಂಪ್ನಿ’: ಇವುಗಳಲ್ಲಿ ಯಾವುದು ದೇಶಿ, ಯಾವುದು ಪರದೇಶಿ ಎಂದು ಸ್ವರ ಬೀಳುವುದಕ್ಕೆ ಗೊತ್ತೇ ಇಲ್ಲ.

ಇದನ್ನು ಕೈಲಾಸಂ ಯಾವ ವ್ಯಾಕರಣದ ಪುಸ್ತಕವನ್ನು ನೋಡಿಯೂ ಮಾಡಿದ್ದಲ್ಲ. ಅವರು ನಾಟಕಗಳನ್ನು ಬಾಯಲ್ಲಿ ಹೇಳುತ್ತಿದ್ದರು, ಗೆಳೆಯರು ಬರೆದುಕೊಳ್ಳುತ್ತಿದ್ದರು. ಬಾಯಿಂದ ನೇರ ಕಾಗದಕ್ಕೆ ಇಳಿದ ಮಾತಾದ್ದರಿಂದ ಅಚ್ಚಿನಲ್ಲಿ ಅದು ಕಣ್ಣಿಗೆ ಕಷ್ಟ, ಕಿವಿಗೆ ಸುಲಭ. ಮನಸ್ಸಿನಲ್ಲೇ ಓದಿದರೆ ತಡವರಿಸುತ್ತೇವೆ, ಗಟ್ಟಿಯಾಗಿ ಓದಿದರೆ ತಾನಾಗಿ ಬಿಡಿಸಿಕೊಳ್ಳುತ್ತದೆ. ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಿಬಿಡಬೇಕು. ಇದೇ ಕೈಲಾಸಂ ಮಹಾಭಾರತದ ಕರ್ಣ, ಏಕಲವ್ಯ, ಕೀಚಕರನ್ನು ಕುರಿತು ಇಂಗ್ಲಿಷಿನಲ್ಲಿ ನಾಟಕ ಬರೆದರು. ಅಲ್ಲಿಯ ಭಾಷೆ ಏರುದನಿಯದು, ಕನ್ನಡದ ಬೆರಕೆ ಅದಕ್ಕಿಲ್ಲ. ಬೆರಕೆ ಎನ್ನುವುದು ಅವರಿಗೆ ಚಟವಾಗಿರಲಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ನಡುಮನೆಯಲ್ಲಿ ಇದ್ದಷ್ಟನ್ನು ಬರೆದರು, ಇಲ್ಲದಲ್ಲಿ ಬರೆಯಲಿಲ್ಲ.

ಇಲ್ಲಿಂದ ಒಂದು ಹೆಜ್ಜೆ ಗಡಿಯ ಕಡೆಗೆ ಇಡುತ್ತೇನೆ, ಏಕೆಂದರೆ ಪೇಟೆಯ ಬೆರಕೆಯ ಸ್ವರೂಪ ಸ್ಪಷ್ಟವಾಗುವುದು ನಮ್ಮ ಬೆರಕೆಯ ಜೊತೆ ಹೋಲಿಸಿದಾಗಲೇ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪ್ವಾಡ ಎಂಬ ಊರಿನ ಮಾತನ್ನು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಅಧ್ಯಯನ ಮಾಡಿ 1971ರಲ್ಲಿ ಪ್ರಕಟಿಸಿದ ಲೇಖನವನ್ನು ಈ ಗೋಷ್ಠಿಯ ವಿದ್ವಾಂಸರು ಬಲ್ಲರು. ಅಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ತಲೆಮಾರುಗಳ ಕಾಲ ಅಕ್ಕಪಕ್ಕ ಬಾಳಿವೆ. ಅವರು ಕಂಡದ್ದೇನು? ಪದಗಳು ಬಹುಮಟ್ಟಿಗೆ ಬೇರೆ ಬೇರೆಯಾಗಿಯೇ ಉಳಿದಿವೆ, ವಾಕ್ಯದ ಕಟ್ಟು ಮಾತ್ರ ಒಂದೇ ಆಗಿದೆ. ಒಂದರ ಪದ ತೆಗೆದು ಅದೇ ಜಾಗದಲ್ಲಿ ಇನ್ನೊಂದರ ಪದ ಇಟ್ಟರೆ ಭಾಷೆ ಬದಲಾಗುತ್ತದೆ, ಅಷ್ಟೇ. ಮನೆಯ ಗುರುತು ಪದಗಳಲ್ಲಿ ಉಳಿದಿದೆ, ಬೆರಕೆ ಒಳಗಿನ ಎಲುಬಿನಲ್ಲಿ ನಡೆದಿದೆ.

ಪೇಟೆಯ ಕನ್ನಡ–ಇಂಗ್ಲಿಷ್ ಇದರ ತಿರುಗುಮುರುಗು. ಅಲ್ಲಿ ಪದಗಳು ರಾಶಿರಾಶಿಯಾಗಿ ಒಳಬಂದಿವೆ, ಎಲುಬು ಕನ್ನಡದ್ದೇ ಉಳಿದಿದೆ. ಎಸ್.ಎನ್. ಶ್ರೀಧರ್ 1978ರಲ್ಲಿ ಕನ್ನಡದ ಬೆರಕೆ ಮಾತು ಏನೇನು ಕೆಲಸ ಮಾಡುತ್ತದೆಂದು ಬರೆದರು. ಎರಡು ವರ್ಷದ ನಂತರ ಕಮಲ್ ಶ್ರೀಧರ್ ಅವರ ಜೊತೆ ಬರೆದ ಲೇಖನದಲ್ಲಿ ಆತಿಥೇಯ ಭಾಷೆ, ಅತಿಥಿ ಭಾಷೆ ಎಂಬ ಮಾತುಗಳನ್ನು ಬಳಸಿದರು. ಅತಿಥಿಯ ತುಂಡು ತನ್ನೊಳಗೆ ತನ್ನದೇ ಕಟ್ಟನ್ನು ಇಟ್ಟುಕೊಳ್ಳಬಹುದು, ಆದರೆ ಅದು ಕೂರಬೇಕಾದ ಮಣೆ ಆತಿಥೇಯ ಹಾಕಿದ್ದು. ‘ಆನ್ ದಿ ಸ್ಪಾಟ್ ತೀರ್ಮಾನ ಮಾಡ್ಬಿಟ್ರು’ ಎಂದು ಜನ ಹೇಳುತ್ತಾರೆ. ‘ಆನ್ ಮೇಜು ಪುಸ್ತಕ ಇದೆ’ ಎಂದು ಯಾರೂ ಹೇಳುವುದಿಲ್ಲ, ಎಷ್ಟೇ ಇಂಗ್ಲಿಷ್ ಕಲಿತಿರಲಿ. ‘ಟೇಬಲ್ ಮೇಲಿದೆ’ ಅನ್ನುತ್ತಾರೆ.

ಬರೆಯುವವರು ಹೆಚ್ಚಾಗಿ ಎಡವುವುದು ಕ್ರಿಯಾಪದದಲ್ಲಿ. ಇಂಗ್ಲಿಷಿನ ಕ್ರಿಯೆ ಕನ್ನಡಕ್ಕೆ ಬರುವಾಗ ಕಾಲವನ್ನೂ ಪುರುಷವನ್ನೂ ಹೊರಗೆ ಬಿಟ್ಟು, ಬರಿಗೈಯಲ್ಲಿ ಬರುತ್ತದೆ. ಆಮೇಲೆ ಮಾಡು, ಆಗು ಎಂಬೆರಡರ ಕೈ ಹಿಡಿಯುತ್ತದೆ. ಗಾಡಿ ಸ್ಟಾರ್ಟ್ ಮಾಡ್ದ, ಗಾಡಿ ಸ್ಟಾರ್ಟ್ ಆಯ್ತು. ಟಿಕೆಟ್ ಬುಕ್ ಮಾಡ್ದೆ ಎಂದರೆ ಯಾರಿಗಾಗಿಯೋ ಇರಬಹುದು. ಬುಕ್ ಮಾಡ್ಕೊಂಡೆ ಎಂದರೆ ತನಗೆ. ಬಸ್ ಮಿಸ್ ಆಯ್ತು ಎನ್ನುವವನು ಬಸ್ಸಿನ ಮೇಲೆ ತಪ್ಪು ಹಾಕುತ್ತಿದ್ದಾನೆ, ಮಿಸ್ ಮಾಡ್ಕೊಂಡೆ ಎನ್ನುವವನು ತನ್ನ ಮೇಲೆ ಹಾಕಿಕೊಳ್ಳುತ್ತಿದ್ದಾನೆ. ಈ ಸೂಕ್ಷ್ಮವನ್ನೆಲ್ಲ ಹೊರುತ್ತಿರುವುದು ಕನ್ನಡದ ಭಾಗ. ಆದ್ದರಿಂದ ‘ಡಿಸೈಡೆಡ್ ಮಾಡಿದೆ’, ‘ಮಿಸ್ಡ್ ಆಯಿತು’ ಎಂದು ಪಾತ್ರ ಮಾತಾಡಿದ ಕೂಡಲೇ ಬರೆದವರು ಕೇಳಿಸಿಕೊಂಡಿಲ್ಲವೆಂದು ತಿಳಿದುಬಿಡುತ್ತದೆ. ಟಯರ್ಡ್ ಆಗಿದೀನಿ, ಕನ್‌ಫ್ಯೂಸ್ಡ್ ಆಗಿದಾನೆ ಎಂದು ಹೇಳುವುದುಂಟಲ್ಲ ಎಂದರೆ, ಅವು ಕನ್ನಡದ ಕಣ್ಣಿಗೆ ಕ್ರಿಯೆಯಲ್ಲ, ಗುಣವಾಚಕ. ಬಿಜಿ ಆಗಿದೀನಿ ಎಂಬುದರ ಸಾಲಿನವು.

ಹಾಗೆಯೇ ಗೌರವ, ಸಲಿಗೆಗಳ ಭಾರವೂ ಕನ್ನಡದ ಮೇಲೇ ಬಿದ್ದಿದೆ. ಸಾರಿ ಕಣೋ, ಸಾರಿ ಕಣೇ, ಸಾರಿ ಕಣ್ರೀ, ಸಾರಿ ಸಾರ್. ಇಂಗ್ಲಿಷ್ ಪದ ಒಂದೇ, ಎದುರಿಗೆ ಯಾರಿದ್ದಾರೆಂದು ತಿಳಿಯುವುದು ಬಾಲದಿಂದ. ಊರು ತಿಳಿಯುವುದೂ ಅಲ್ಲಿಂದಲೇ. ಮೈಸೂರಿನವನ ಬಸ್ ಲೇಟಾಯ್ತು ಕಣೋ, ನಮ್ಮ ಕಡೆಯವನ ಬಸ್ಸು ಲೇಟಾಯಿತು ಮಾರಾಯಾ, ಸೊಲ್ಲಾಪುರದ ಕಡೆಯವನ ಬಸ್ ಲೇಟ್ ಆತ್ ನೋಡ್ರಿ: ಮೂವರೂ ಲೇಟಾದದ್ದು ಒಂದೇ ಇಂಗ್ಲಿಷಿನಲ್ಲಿ, ದೂರಿದ್ದು ಬೇರೆ ಬೇರೆ ಕನ್ನಡದಲ್ಲಿ. ಪೇಟೆಯ ಬೆರಕೆ ಎಂದರೆ ಬೆಂಗಳೂರಿನ ಒಂದೇ ಅಚ್ಚು ಎಂದು ತಿಳಿದು, ಧಾರವಾಡದ ಡಾಕ್ಟರ ಬಾಯಲ್ಲೂ ಮಂಗಳೂರಿನ ಮ್ಯಾನೇಜರನ ಬಾಯಲ್ಲೂ ‘ಕಣ್ರೀ’ ತುರುಕುವ ಧಾರಾವಾಹಿಗಳನ್ನು ನೋಡಿದಾಗ ಈ ಸಣ್ಣ ವಿಷಯವನ್ನು ಗಟ್ಟಿಯಾಗಿ ಹೇಳಬೇಕೆನಿಸುತ್ತದೆ.

ಹಾಗಾದರೆ ಇಡೀ ವಾಕ್ಯವೇ ಇಂಗ್ಲಿಷಿಗೆ ಹೊರಳುವುದು ಯಾವಾಗ? ಅಲ್ಲಿ ವ್ಯಾಕರಣ ಸುಮ್ಮನಾಗುತ್ತದೆ, ಬದುಕು ಮಾತಾಡುತ್ತದೆ. ಇದನ್ನು ಒಂದು ಉದಾಹರಣೆಯಿಂದಲೇ ಹೇಳುವುದು ಮೇಲು. ನಮ್ಮ ಕಡೆಯ ಕಾಲೇಜೊಂದರ ವಿದ್ಯಾರ್ಥಿಯೊಬ್ಬ ಬರೆದ ಕಿರುನಾಟಕವನ್ನು ತಿದ್ದಿಕೊಡುವ ಕೆಲಸ ನನಗೆ ಬಂದಿತ್ತು. ಕುಂಬಳೆ ಕಡೆಯ ನಿವೃತ್ತ ಮೇಷ್ಟ್ರು, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು. ಗೊತ್ತಾದ ಮದುವೆ ತನಗೆ ಬೇಡವೆಂದು ಮಗಳು ಅಪ್ಪನಿಗೆ ಹೇಳಬೇಕು. ಹುಡುಗ ಬರೆದದ್ದು ಹೀಗಿತ್ತು:

ಮಗಳು: ಅಪ್ಪಾ, ಐ ವಾಂಟ್ ಟು ಟೆಲ್ ಯು ಸಮ್‌ಥಿಂಗ್. ನನಗೆ ಈ ಮ್ಯಾರೇಜ್ ಲೈಕ್ ಇಲ್ಲ. ನಾನು ಹಿಂದಿನ ವಾರವೇ ಡಿಸೈಡೆಡ್ ಮಾಡಿದ್ದೇನೆ. ಇಟ್ ಈಸ್ ವೆರಿ ಡಿಫಿಕಲ್ಟ್ ಟು ಎಕ್ಸ್‌ಪ್ಲೇನ್.
ಅಪ್ಪ: ವಾಟ್ ನಾನ್‌ಸೆನ್ಸ್! ನೀನು ಇದನ್ನು ಮೊದಲೇ ಹೇಳಬೇಕಾಗಿತ್ತು.

ಇಂಗ್ಲಿಷ್ ಎಷ್ಟಿದೆ ಎಂದು ಎಣಿಸಿದರೆ ಬೆಂಗಳೂರಿನ ಹುಡುಗಿ ಇಷ್ಟು ಮಾತಾಡಿಯೇ ಆಡುತ್ತಾಳೆ. ಸುಳ್ಳಾದದ್ದು ಪ್ರಮಾಣದಲ್ಲಲ್ಲ. ‘ಲೈಕ್ ಇಲ್ಲ’ ಎಂದು ಅವಳು ಹೇಳಲಾರಳು, ‘ಇಷ್ಟ ಇಲ್ಲ’ ಎಂದೇ ಹೇಳುತ್ತಾಳೆ. ಮನಸ್ಸಿಗೆ ಹತ್ತಿರವಾದ ಇಂಥ ಪದಗಳು ಜಾಗ ಬಿಟ್ಟುಕೊಡುವುದಿಲ್ಲ. ‘ಡಿಸೈಡೆಡ್’ ವಿಷಯ ಹೇಳಿಯಾಯಿತು. ‘ನನಗೆ’, ‘ಮಾಡಿದ್ದೇನೆ’ ಎಂಬ ಪುಸ್ತಕದ ರೂಪಗಳ ನಡುವೆ ಇಂಗ್ಲಿಷನ್ನು ಇಟ್ಟಾಗ ಎರಡೂ ಸುಳ್ಳಾಗುತ್ತವೆ. ಎಲ್ಲಕ್ಕಿಂತ ದೊಡ್ಡ ತೊಂದರೆಯೆಂದರೆ ಇಂಗ್ಲಿಷ್ ಮೊದಲಿಂದ ಕೊನೆಯವರೆಗೆ ಉಪ್ಪಿನ ಹಾಗೆ ಸಮನಾಗಿ ಹರಡಿಕೊಂಡಿದೆ. ಮನೆಮಾತಿನಲ್ಲಿ ಅದು ಹಾಗೆ ಹರಡಿರುವುದಿಲ್ಲ. ಅಪ್ಪನ ಎದುರು ಅವಳು ಕನ್ನಡದಲ್ಲೇ ಇರುತ್ತಾಳೆ, ಸಾಮಾನು ಸರಂಜಾಮಿನ ಪದಗಳಷ್ಟೇ ಇಂಗ್ಲಿಷಿನವು. ಯಾವುದೋ ಒಂದು ಜಾಗದಲ್ಲಿ ಮಾತ್ರ ಪೂರಾ ಹೊರಳುತ್ತಾಳೆ. ಆ ಜಾಗ ಯಾವುದೆಂದು ಹುಡುಕುವುದೇ ನಾಟಕಕಾರನ ಕೆಲಸ. ಇಬ್ಬರೂ ಕೂತು ಅದನ್ನು ಹೀಗೆ ಬದಲಾಯಿಸಿದೆವು:

ಮಗಳು: ಅಪ್ಪಾ, ಫ್ರೀ ಇದ್ದೀರಾ?
ಅಪ್ಪ: ಎಂತ ಮಗಾ, ಬಾ, ಕೂತ್ಕೋ.
ಮಗಳು: ಏನಿಲ್ಲ. ಆ ಹಾಲ್‌ಗೆ ಅಡ್ವಾನ್ಸ್ ಕೊಟ್ಟಾಯ್ತಾ?
ಅಪ್ಪ: ಇಲ್ಲ, ನಾಳೆ ಕೊಡ್ಲಿಕ್ಕುಂಟು. ಯಾಕೆ?
ಮಗಳು: ಕೊಡ್ಬೇಡಿ. ಅಪ್ಪಾ, ಐ ಡೋಂಟ್ ವಾಂಟ್ ದಿಸ್.
ಅಪ್ಪ: ಎಂತ ಬೇಡ? ಆ ಹಾಲ್ ಬೇಡ್ವಾ?
ಮಗಳು: ಮದುವೆ.

ಫ್ರೀ, ಹಾಲ್, ಅಡ್ವಾನ್ಸ್ ಇವು ಯಾರ ಗಮನಕ್ಕೂ ಬಾರದ ಪದಗಳು. ಅಪ್ಪನೂ ಅವನ್ನೇ ಬಳಸುತ್ತಾನೆ. (ಹಾಲ್ ಎಂಬುದಕ್ಕೆ ಕೈಲಾಸಂ ರೀತಿಯಲ್ಲಿ ಉಕಾರ ಹಚ್ಚಿದರೆ ಓದುಗ ಲೋಟ ಹುಡುಕುತ್ತಾನೆ. ನಿಯಮಕ್ಕೂ ಇಂಥ ಅಡಚಣೆಗಳಿವೆ.) ‘ಐ ಡೋಂಟ್ ವಾಂಟ್ ದಿಸ್’ ಮಾತ್ರ ಬೇರೆ. ಅಪ್ಪನಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ಮೇಷ್ಟ್ರಾಗಿದ್ದವನು. ಮಗಳಿಗೆ ಕನ್ನಡ ಬಾರದೆಯೂ ಅಲ್ಲ. ಕನ್ನಡದಲ್ಲಿ ಹೇಳಬೇಕಾದರೆ ಅವಳು ‘ಬೇಡ’ ಎನ್ನಬೇಕು, ಏನು ಬೇಡವೆಂದು ಹೆಸರಿಡಿದು ಹೇಳಬೇಕು. ಇಂಗ್ಲಿಷಿನ ‘ದಿಸ್’ ಅದನ್ನು ಒಂದು ನಿಮಿಷ ಮುಂದೂಡಿಕೊಡುತ್ತದೆ. ಅಪ್ಪನಿಗೆ ಭಾಷೆ ತಿಳಿದೂ ಅರ್ಥ ತಿಳಿಯದೆ, ಅಥವಾ ತಿಳಿದೂ ತಿಳಿಯದವನಂತೆ, ಹಾಲಿನ ಬಗ್ಗೆ ಕೇಳುತ್ತಾನೆ. ಆಗ ಅವಳು ಕನ್ನಡಕ್ಕೆ ಮರಳಲೇಬೇಕು. ಮೊದಲ ಪ್ರತಿಯ ‘ಮ್ಯಾರೇಜ್’ ಎಂಬ ಪದ ಇಲ್ಲಿ ಬಂದಿದ್ದರೆ ಆ ನೋವು ಉಳಿಯುತ್ತಿರಲಿಲ್ಲ. ಅಂದಹಾಗೆ ಇದೇ ಹುಡುಗಿ ಮುಂದಿನ ದೃಶ್ಯದಲ್ಲಿ ಫೋನಿನಲ್ಲಿ ಗೆಳತಿಗೆ ಹೇಳುವಾಗ ‘ಮ್ಯಾರೇಜ್ ಕ್ಯಾನ್ಸಲ್ ಕಣೇ’ ಎನ್ನುತ್ತಾಳೆ. ಅಲ್ಲಿ ಅದೇ ಸರಿ. ಗೆಳತಿಗೆ ಅದು ಸುದ್ದಿ, ಅಪ್ಪನಿಗೆ ಅದು ಸುದ್ದಿಯಲ್ಲ.

ಹೇಳಲು ಬಾಯಿ ಬಾರದ್ದನ್ನು ಹೇಳಲು ಇಂಗ್ಲಿಷಿಗೆ ಹೊರಳುವುದು ಪೇಟೆಯ ಕನ್ನಡಿಗರಲ್ಲಿ ಬಹಳ ಸಾಮಾನ್ಯ. ಪ್ರೀತಿ, ಕಾಯಿಲೆ, ಮೈಯ ಸಂಗತಿ, ದುಡ್ಡಿನ ಸಾಲ, ಗಂಡಹೆಂಡಿರ ಬೇರ್ಪಡೆ. ಇನ್ನೊಂದು ಕಾರಣವೂ ಇದೆ: ಎದುರಿನವರಿಗೆ ನೀನು ಎನ್ನಬೇಕೋ ನೀವು ಎನ್ನಬೇಕೋ ತಿಳಿಯದಾಗ, ಅಥವಾ ಎರಡನ್ನೂ ತಪ್ಪಿಸಬೇಕಾದಾಗ, ಇಂಗ್ಲಿಷಿನ ‘ಯು’ ಆಸರೆಯಾಗುತ್ತದೆ. ವಯಸ್ಸಿನಲ್ಲಿ ಚಿಕ್ಕವನಾದ ಮೇಲಧಿಕಾರಿ, ವಯಸ್ಸಿನಲ್ಲಿ ಹಿರಿಯನಾದ ಗುಮಾಸ್ತ ಇಬ್ಬರ ನಡುವಿನ ಮಾತನ್ನು ಯಾವುದಾದರೂ ಕಚೇರಿಯಲ್ಲಿ ಒಂದು ಗಂಟೆ ಕೇಳಿದರೆ ಇದು ಕಾಣುತ್ತದೆ. ಕುಪ್ವಾಡದಂಥ ಊರುಗಳಲ್ಲಿ ಯಾವ ಭಾಷೆ ಆಡುವುದೆಂಬುದನ್ನು ಮನೆ, ಜಾತಿ, ವ್ಯವಹಾರ ತೀರ್ಮಾನಿಸುತ್ತವೆ. ಪೇಟೆಯಲ್ಲಿ ಒಂದೇ ಮನೆಯೊಳಗೆ, ಒಂದೇ ಉಸಿರಿನಲ್ಲಿ, ಆ ತೀರ್ಮಾನ ಆಗುತ್ತಿರುತ್ತದೆ.

ಕೈಲಾಸಂ ನಂತರ ಈ ಸೂಕ್ಷ್ಮ ಎಲ್ಲರಿಗೂ ದಕ್ಕಲಿಲ್ಲ ಎಂದೇ ನನ್ನ ಅಭಿಪ್ರಾಯ. ಬೆರಕೆಯನ್ನು ಹಲವರು ನಗಿಸುವ ಯಂತ್ರವಾಗಿ ತೆಗೆದುಕೊಂಡರು. ನಮ್ಮ ಸಿನಿಮಾಗಳಲ್ಲಿ ಬಹಳ ಕಾಲ ಇಂಗ್ಲಿಷ್ ಆಡುವವಳು ಎಂದರೆ ಗರ್ವದ ಹುಡುಗಿ, ಕೊನೆಯ ರೀಲಿಗೆ ಸೀರೆ ಉಟ್ಟು ಕನ್ನಡಕ್ಕೆ ಬರತಕ್ಕವಳು. ಇನ್ನೊಂದು ಬದಿಯಲ್ಲಿ ಕಾಗುಣಿತದ ಅನ್ಯಾಯ ನಡೆಯಿತು. ಕೆಲಸದವಳು, ಆಟೋದವನು ಮಾತಾಡಿದರೆ ಇಸ್ಕೂಲು, ಇಸ್ಟೇಸನ್ನು, ಪೋನು ಎಂದು ಬರೆಯುವುದು. ಯಜಮಾನ ಅದೇ ಪದ ಆಡಿದರೆ ಸ್ಕೂಲ್, ಸ್ಟೇಷನ್, ಫೋನ್ ಎಂದು ಶುದ್ಧವಾಗಿ ಬರೆಯುವುದು. ಯಜಮಾನನೂ ಸಹಜವಾಗಿ ಮಾತಾಡುವಾಗ ಪೋನು ಎನ್ನುತ್ತಾನೆ, ಆಫೀಸಿಗೆ ಎನ್ನುತ್ತಾನೆ. ಕೈಲಾಸಂ ಈ ಭೇದ ಮಾಡದವರು. ‘ಟೊಳ್ಳುಗಟ್ಟಿ’ಯ ಇನ್ನೊಂದು ಹೆಸರಾದ ‘ಮಕ್ಕಳಿಸ್ಕೂಲ್ ಮನೇಲಲ್ವೇ’ ಎಂಬುದರಲ್ಲಿರುವ ಇಸ್ಕೂಲು ಯಾವ ಕೂಲಿಯವನದೂ ಅಲ್ಲ, ಓದು ಬಲ್ಲ ಮನೆತನಗಳದೇ. ಸಂಧಿಯೂ ಆಗಿಬಿಟ್ಟಿದೆ ಅಲ್ಲಿ: ಮಕ್ಕಳ ಮತ್ತು ಇಸ್ಕೂಲ್ ಸೇರಿ ಮಕ್ಕಳಿಸ್ಕೂಲ್. ಪರಭಾಷೆಯ ಪದದ ಜೊತೆ ಲೋಪಸಂಧಿ! ಇದಕ್ಕಿಂತ ಹೆಚ್ಚಿನ ಬಳಕೆ ಇನ್ನೇನು ಬೇಕು?

ಕಾಗುಣಿತದಿಂದ ಪಾತ್ರದ ವಯಸ್ಸನ್ನೂ ತೋರಿಸಬಹುದು. ಹಿರಿಯರು ಬಸ್ಸಿಗೆ, ಆಫೀಸಿಗೆ, ಬ್ಯಾಂಕಿಗೆ ಹೋಗುತ್ತಾರೆ. ಈಗಿನ ಹುಡುಗರು ಬಸ್‌ಗೆ, ಆಫೀಸ್‌ಗೆ, ಬ್ಯಾಂಕ್‌ಗೆ. ಕೈಲಾಸಂ ಕಾಲದ ಉಕಾರ ಪದದ ಕೊನೆಯಲ್ಲಿ ಉದುರುತ್ತ ಬಂದಿದೆ. ಶಾಲೆಯಲ್ಲಿ ಇಂಗ್ಲಿಷನ್ನೇ ಮೊದಲು ಕಲಿತವರಿಗೆ ಅದು ಹಳ್ಳಿಯ ಗುರುತಾಗಿ ಕೇಳಿಸುತ್ತದೆ. ಆದರೂ ಅವರೇ ‘ಬಸ್ಸಲ್ಲಿ ಬಂದೆ’ ಎನ್ನುವಾಗ ಇಮ್ಮಡಿ ಸಕಾರ ಹಾಗೇ ಇದೆ. ಕಲ್ಲಿನ ನಿಯಮ ಬಾಗಿಲಿನಿಂದ ಹೋಗಿ ಕಿಟಕಿಯಿಂದ ಒಳಗೆ ಬಂದ ಹಾಗಾಯಿತು. ಅರುವತ್ತು ದಾಟಿದ ಪಾತ್ರಕ್ಕೂ ಇಪ್ಪತ್ತರ ಪಾತ್ರಕ್ಕೂ ಒಂದೇ ರೂಪ ಬರೆದರೆ ಒಬ್ಬರಾದರೂ ಸುಳ್ಳಾಗುತ್ತಾರೆ.

ಇಂಗ್ಲಿಷಿನ ಯಾವ ಪದಗಳು ಬರುತ್ತವೆ ಎನ್ನುವುದೂ ಬದಲಾಗಿದೆ. ಆಗ ಬಂದವು ಹೆಚ್ಚಾಗಿ ವಸ್ತು, ಸಂಸ್ಥೆ, ಪದವಿಗಳ ಹೆಸರುಗಳು. ಈಗ ಸೋ, ಬಟ್, ಆಕ್ಚುಲಿ, ಐ ಮೀನ್ ಮುಂತಾದ ಮಾತಿನ ಕೀಲುಗಳೇ ಬಂದಿವೆ. ‘ಬಟ್ ಅವ್ನು ಬರ್ಲಿಲ್ಲ’ ಎನ್ನುವಾಗ ವಸ್ತು ಯಾವುದೂ ಇಂಗ್ಲಿಷಿನದಲ್ಲ, ಕೀಲು ಮಾತ್ರ ಇಂಗ್ಲಿಷಿನದು. ಇವತ್ತಿನ ಪಾತ್ರದ ಬಾಯಲ್ಲಿ ‘ಆದರೆ’ ಎಂದಿಟ್ಟು ಪಕ್ಕದಲ್ಲಿ ಹತ್ತು ಇಂಗ್ಲಿಷ್ ನಾಮಪದ ಪೇರಿಸುವುದಕ್ಕಿಂತ, ಒಂದು ‘ಬಟ್’ ಇಟ್ಟು ಉಳಿದದ್ದನ್ನು ಕನ್ನಡದಲ್ಲೇ ಬಿಡುವುದು ನಿಜಕ್ಕೆ ಹತ್ತಿರ.

ಕೊನೆಗೆ ನಮ್ಮ ಗಡಿಗಳಲ್ಲಿ ಪೇಟೆಯ ಬೆರಕೆಯನ್ನು ಬರೆಯುವವರಿಗೆ ಇನ್ನೊಂದು ಮಡಿಕೆ ಹೆಚ್ಚು. ಇಂಗ್ಲಿಷ್ ನಮಗೆ ನೇರವಾಗಿ ಬರುವುದು ಕಡಿಮೆ. ನೆರೆಭಾಷೆಯ ಮನೆಯಲ್ಲಿ ತಂಗಿ ಬರುತ್ತದೆ. ಕನ್ನಡ ರೋಡು ಎಂದರೆ ತೆಲುಗು ದೀರ್ಘದ ಮೇಲೂ ಇಮ್ಮಡಿಸಿ ರೋಡ್ಡು ಎನ್ನುತ್ತದೆ. ಆದೋನಿಯ ಕನ್ನಡಿಗ ಪಾತ್ರವೊಂದು ಬೆಂಗಳೂರಿನ ಬಾಡಿಗೆ ಮನೆಯಲ್ಲಿ ‘ರೋಡ್ಡು ತುಂಬಾ ಟ್ರಾಫಿಕ್ಕು’ ಎಂದರೆ ಆ ಒಂದು ಡಕಾರದಲ್ಲಿ ಅವನ ಊರಿದೆ. ಅಚ್ಚು ತಿದ್ದುವವರು ತಪ್ಪೆಂದು ತಿಳಿದು ಅಳಿಸದಿರಲಿ. ಮರಾಠಿಗೆ ಈ ಉಕಾರ ಬೇಕಿಲ್ಲ, ಆದ್ದರಿಂದ ಸೊಲ್ಲಾಪುರದ ಪೇಟೆಯ ಕನ್ನಡದಲ್ಲಿ ಬಸ್, ರೋಡ್ ಎಂಬ ಬರಿಯ ರೂಪ ಹಳ್ಳಿಯವರ ಬಾಯಲ್ಲೂ ಇರಬಹುದು. ಅದನ್ನು ಕಂಡು ಇಂಗ್ಲಿಷ್ ಶಾಲೆಯ ಪ್ರಭಾವ ಎಂದುಕೊಂಡರೆ ಪಾತ್ರದ ಹಿನ್ನೆಲೆಯೇ ತಲೆಕೆಳಗಾಗುತ್ತದೆ. ಹೊಸೂರಿನಲ್ಲಿ ತಮಿಳರ ‘ಟ್ರೈ ಪಣ್ಣು’, ನಮ್ಮ ‘ಟ್ರೈ ಮಾಡು’ ಒಂದೇ ಬೀದಿಯಲ್ಲಿ ಕೇಳುತ್ತವೆ. ಎರಡಕ್ಕೂ ಎಲುಬು ಒಂದೇ ಆದ್ದರಿಂದ ಒಬ್ಬನೇ ಮನುಷ್ಯ ಎರಡನ್ನೂ ಗಂಟೆಗೊಂದರಂತೆ ಆಡಬಲ್ಲ, ಇಂಗ್ಲಿಷ್ ಪದವನ್ನು ಮಾತ್ರ ಅಲ್ಲೇ ಬಿಟ್ಟು.

ನಾವು ಕ್ಷೇತ್ರಕಾರ್ಯದಲ್ಲಿ ಮಾತು ದಾಖಲಿಸುವಾಗ ಅಚ್ಚಗನ್ನಡದ ಪದಗಳನ್ನೇ ಹುಡುಕಿ, ಮುದುಕರನ್ನೇ ಕೂರಿಸಿಕೊಂಡು, ಅವರ ಬಾಯಿಂದ ಬಸ್ಸು, ಲೈಟು, ಡಾಕ್ಟ್ರು ಬಂದ ಕೂಡಲೇ ಬರೆಯುವ ಕೈ ನಿಲ್ಲಿಸುವುದುಂಟು. ಇನ್ನು ಮೇಲೆ ಆ ಪದಗಳ ಬಾಲವನ್ನೂ ಬರೆದಿಟ್ಟುಕೊಳ್ಳಬೇಕು: ಉಕಾರ ಇದೆಯೇ, ಇಮ್ಮಡಿಸಿದೆಯೇ, ಗೆ ಪ್ರತ್ಯಯದ ಹಿಂದೆ ಇಕಾರ ಉಳಿದಿದೆಯೇ, ಮಾಡು ಎಂದರೇ ಆಗು ಎಂದರೇ, ಯಾರ ಹತ್ತಿರ ಮಾತಾಡುವಾಗ ಹಾಗೆಂದರು. ಮುಂದಿನ ಗೋಷ್ಠಿಗೆ ಕುಂಬಳೆ, ಮಂಜೇಶ್ವರ, ಬದಿಯಡ್ಕಗಳ ಅಂಗಡಿ, ಆಸ್ಪತ್ರೆ, ಬ್ಯಾಂಕುಗಳಲ್ಲಿ ಈ ಐದು ಅಂಶಗಳನ್ನು ಗುರುತು ಹಾಕಿಕೊಂಡು ಬರಲು ಇಬ್ಬರು ವಿದ್ಯಾರ್ಥಿಗಳು ಒಪ್ಪಿದ್ದಾರೆ.